ರಕ್ತ ಮತ್ತು ಹಾಲಿನ ಕಲೆ: ಮೊದಲು ತಣ್ಣೀರು, ಆಮೇಲೆ ಉಳಿದದ್ದು

(ಶಂಕರನಾರಾಯಣದಲ್ಲಿ ಸ್ವಸಹಾಯ ಗುಂಪುಗಳ ಸದಸ್ಯೆಯರಿಗಾಗಿ ನೀಡಲಾದ ಉಪನ್ಯಾಸದ ಪಠ್ಯ)



ಈ ಭಾಗದ ಹಳೆಯ ಮನೆಗಳ ಬಚ್ಚಲಿನಲ್ಲಿ ಒಂದು ಹಂಡೆ ಇರುತ್ತದೆ. ಅದರ ಕೆಳಗೆ ಮಡಲು, ತೆಂಗಿನ ಸಿಪ್ಪೆ, ಅಡಿಕೆಯ ಹಾಳೆ ಉರಿಯುತ್ತಿರುತ್ತದೆ. ಮಳೆಗಾಲದಲ್ಲಂತೂ ಆ ಒಲೆ ಆರುವುದೇ ಅಪರೂಪ. ತೋಟದಿಂದ ಒದ್ದೆಯಾಗಿ ಬಂದವರ ಬಟ್ಟೆ ಅದೇ ಬಚ್ಚಲಿನಲ್ಲಿ ಬೀಳುತ್ತದೆ. ಕೈಗೆ ಮೊದಲು ಸಿಗುವುದು ಹಂಡೆಯ ಬಿಸಿನೀರು. ಕೆಸರು, ಎಣ್ಣೆ, ಬೆವರು ಇವೆಲ್ಲ ಬಿಸಿನೀರಿಗೆ ಬೇಗ ಬಿಡುತ್ತವೆ ಎಂಬುದು ಅನುಭವದ ಮಾತು, ಅದು ಸರಿಯೂ ಹೌದು. ಆದರೆ ಅದೇ ಬಟ್ಟೆಯ ಮೇಲೆ ರಕ್ತದ ಕಲೆಯೋ ಹಾಲಿನ ಕಲೆಯೋ ಇದ್ದರೆ ಆ ಒಂದು ಚೊಂಬು ಬಿಸಿನೀರು ಮಾಡುವ ಹಾನಿಯನ್ನು ಆಮೇಲಿನ ಯಾವ ಸೋಪೂ ಪೂರ್ತಿಯಾಗಿ ಸರಿಪಡಿಸಲಾರದು. ಇಂದಿನ ವಿಷಯ ಈ ಒಂದು ಚೊಂಬು ನೀರಿಗೆ ಸಂಬಂಧಿಸಿದುದು.

ರಕ್ತ ಮತ್ತು ಹಾಲು ನೋಟಕ್ಕೆ ಬೇರೆ ಬೇರೆಯಾದರೂ ಬಟ್ಟೆಯ ದೃಷ್ಟಿಯಿಂದ ಒಂದೇ ಕುಲದವು. ಎರಡರಲ್ಲಿಯೂ ಪ್ರೋಟೀನ್ ಇದೆ. ನೂರು ಮಿಲಿಲೀಟರ್ ಆಕಳ ಹಾಲಿನಲ್ಲಿ ಸುಮಾರು 3ರಿಂದ 3.5 ಗ್ರಾಂ ಪ್ರೋಟೀನ್ ಇರುತ್ತದೆ. ರಕ್ತದಲ್ಲಿ ಅದು ಇನ್ನೂ ಹೆಚ್ಚು. ಕೆಂಪು ಬಣ್ಣ ಕೊಡುವ ಹಿಮೋಗ್ಲೋಬಿನ್ ಒಂದೇ ನೂರು ಮಿಲಿಲೀಟರಿಗೆ 12ರಿಂದ 15 ಗ್ರಾಂನಷ್ಟಿರುವುದು ಆರೋಗ್ಯವಂತರಲ್ಲಿ ಸಾಮಾನ್ಯ. ಗರ್ಭಿಣಿಯರ ರಕ್ತ ಪರೀಕ್ಷೆಯ ಚೀಟಿಯಲ್ಲಿ ಬರೆಯುವ ಸಂಖ್ಯೆ ಇದೇ ಹಿಮೋಗ್ಲೋಬಿನ್‌ನದು.

ಪ್ರೋಟೀನ್ ಎಂದರೆ ಒಂದು ಉದ್ದನೆಯ ಸರಪಳಿ. ದೇಹದೊಳಗೆ ಅದು ಉದ್ದಕ್ಕೆ ಚಾಚಿಕೊಂಡಿರುವುದಿಲ್ಲ. ನೂಲಿನ ಉಂಡೆಯಂತೆ ತನ್ನನ್ನು ತಾನೇ ಸುತ್ತಿಕೊಂಡಿರುತ್ತದೆ. ಆ ಸುತ್ತುವಿಕೆಯಲ್ಲಿ ಒಂದು ಕ್ರಮವಿದೆ. ನೀರಿನೊಡನೆ ಹೊಂದಿಕೊಳ್ಳುವ ಭಾಗಗಳು ಹೊರಕ್ಕೆ, ನೀರನ್ನು ಒಲ್ಲದ ಭಾಗಗಳು ಒಳಕ್ಕೆ. ಹೊರಮೈ ನೀರಿಗೆ ಒಗ್ಗುವುದರಿಂದಲೇ ಅಷ್ಟೊಂದು ಪ್ರೋಟೀನ್ ರಕ್ತದಲ್ಲಿ ಕರಗಿ ಹರಿಯುತ್ತದೆ. ನೀರನ್ನು ಕಾಯಿಸಿದಾಗ ಈ ಉಂಡೆ ನಡುಗಿ ಬಿಚ್ಚಿಕೊಳ್ಳುತ್ತದೆ. ಒಳಗೆ ಅಡಗಿದ್ದ, ನೀರನ್ನು ಒಲ್ಲದ ಭಾಗಗಳು ಹೊರಗೆ ಬರುತ್ತವೆ. ನೀರಿನಿಂದ ದೂರವಿರಲು ಪಕ್ಕದ ಸರಪಳಿಯ ಅಂಥದೇ ಭಾಗಗಳನ್ನು ಅಂಟಿಕೊಳ್ಳುತ್ತವೆ. ಹೀಗೆ ಸಾವಿರಾರು ಸರಪಳಿಗಳು ಒಂದಕ್ಕೊಂದು ತೊಡರಿದಾಗ ಕರಗುತ್ತಿದ್ದ ವಸ್ತು ಕರಗದ ಗಟ್ಟಿಯಾಗುತ್ತದೆ. ಇದನ್ನು ನೋಡಲು ಪ್ರಯೋಗಾಲಯ ಬೇಡ. ಹಸಿ ಮೊಟ್ಟೆಯ ಬಿಳಿಯ ಭಾಗವನ್ನು ನೀರಿನಲ್ಲಿ ಕಲಸಬಹುದು; ಬೆಂದ ಮೊಟ್ಟೆಯದನ್ನು ಕಲಸಲಾಗದು, ಮರಳಿ ತಣ್ಣಗಾದರೂ ಅದು ಹಸಿಯಾಗದು. ಬಟ್ಟೆಯ ಮೇಲಿನ ರಕ್ತಕ್ಕೆ ಕುದಿವ ನೀರು ಹೊಯ್ದಾಗ ಆಗುವುದೂ ಅದೇ ಬೇಯುವಿಕೆ.

ಬೆಂದ ಪ್ರೋಟೀನ್ ತಟ್ಟೆಯ ಮೇಲಿದ್ದರೆ ಉಜ್ಜಿ ತೆಗೆಯಬಹುದಿತ್ತು. ಬಟ್ಟೆಯ ಪಾಡು ಬೇರೆ. ಹತ್ತಿಯ ಒಂದು ನೂಲಿನಲ್ಲಿ ನೂರಾರು ಎಳೆಗಳು ಹುರಿಗೊಂಡಿರುತ್ತವೆ. ಎಳೆಗಳ ನಡುವೆ ಸಂದು, ಪ್ರತಿ ಎಳೆಯೊಳಗೂ ಇನ್ನಷ್ಟು ಸೂಕ್ಷ್ಮವಾದ ಪೊಳ್ಳು. ದ್ರವವಾಗಿದ್ದಾಗ ರಕ್ತ ಈ ಸಂದುಗಳಲ್ಲೆಲ್ಲ ನುಗ್ಗಿರುತ್ತದೆ. ಎಳೆಯ ಮುಳ್ಳುಸೌತೆಯ ಮಿಡಿಯನ್ನು ಬಳ್ಳಿಯಲ್ಲಿರುವಾಗಲೇ ಸಣ್ಣ ಬಾಯಿಯ ಶೀಶೆಯೊಳಗೆ ಇಳಿಸಿದರೆ ಅದು ಒಳಗೇ ಬೆಳೆದು ಹೊರಬರಲಾರದಂತಾಗುತ್ತದೆ. ಸಂದಿನೊಳಗೆ ಹೆಪ್ಪಾದ ಪ್ರೋಟೀನಿನ ಸ್ಥಿತಿಯೂ ಹಾಗೆಯೇ. ಒಳಹೋಗುವಾಗ ಇದ್ದ ಆಕಾರದಲ್ಲಿ ಅದು ಈಗಿಲ್ಲ. ಬಂದ ದಾರಿಯಲ್ಲಿ ಹೊರಹೋಗಲಾಗದು.

ಎಷ್ಟು ಬಿಸಿ ಎಂದರೆ ಹೆಚ್ಚು ಬಿಸಿ? ರಕ್ತದ ಪ್ರೋಟೀನುಗಳು ಸ್ಪಷ್ಟವಾಗಿ ಹೆಪ್ಪಾಗುವುದು 60 ಡಿಗ್ರಿ ಸೆಲ್ಸಿಯಸ್‌ನಿಂದ ಮೇಲಕ್ಕೆ. ದೇಹದ ಶಾಖ 37 ಡಿಗ್ರಿ. ಆ ಶಾಖದಲ್ಲಿ ರಕ್ತವೂ ಹಾಲೂ ದ್ರವವಾಗಿಯೇ ಇರುತ್ತವೆ ಎಂಬುದಕ್ಕೆ ಸಾಕ್ಷಿ ಬೇಕಿಲ್ಲ. ಆದುದರಿಂದ ಥರ್ಮಾಮೀಟರ್ ಇಲ್ಲದ ಮನೆಯಲ್ಲಿ ಒಂದು ಸರಳ ಅಳತೆ ಸಾಕು: ಮುಂಗೈಗೆ ಹೊಯ್ದುಕೊಂಡಾಗ ‘ಬೆಚ್ಚಗಿದೆ’ ಎನ್ನಿಸುವ ನೀರು ಕೂಡ ಮೊದಲ ತೊಳೆತಕ್ಕೆ ಬೇಡ, ತಣ್ಣಗೆನಿಸುವ ನೀರೇ ಆಗಬೇಕು. ಕರಾವಳಿಯ ಬಾವಿಯ ನೀರು ವರ್ಷವಿಡೀ ಸುಮಾರು 27 ಡಿಗ್ರಿಯ ಆಸುಪಾಸಿನಲ್ಲಿ ಇರುತ್ತದೆ. ಇದಕ್ಕಾಗಿ ಮಂಜುಗಡ್ಡೆ ತರಬೇಕಾಗಿಲ್ಲ. ಸೇದಿದ ನೀರು ಇದ್ದ ಹಾಗೆಯೇ ಯೋಗ್ಯ.

ಇನ್ನು ಹಾಲಿನ ವಿಷಯದಲ್ಲಿ ಯಾರಾದರೂ ಕೇಳಬಹುದಾದ ನ್ಯಾಯವಾದ ಪ್ರಶ್ನೆಯೊಂದಿದೆ. ಹಾಲನ್ನು ದಿನಾಲೂ ಕುದಿಸುತ್ತೇವೆ, ಅದು ಒಡೆಯುವುದಿಲ್ಲ. ಹಾಗಿದ್ದರೆ ಬಿಸಿನೀರಿನಿಂದ ಹಾಲಿನ ಕಲೆ ಹೇಗೆ ಕಚ್ಚಿಕೊಳ್ಳುತ್ತದೆ? ಹಾಲಿನ ಪ್ರೋಟೀನಿನಲ್ಲಿ ಐದರಲ್ಲಿ ನಾಲ್ಕು ಪಾಲು ಕೇಸೀನ್ ಎಂಬುದು. ಅದಕ್ಕೆ ಕುದಿಯನ್ನು ತಾಳುವ ಗುಣವಿದೆ. ಉಳಿದ ಒಂದು ಪಾಲು, ಅಂದರೆ ಹಾಲು ಒಡೆದಾಗ ತಿಳಿನೀರಿನಲ್ಲಿ ಉಳಿಯುವ ಪ್ರೋಟೀನ್, ಶಾಖವನ್ನು ತಾಳದು. ಸುಮಾರು 70 ಡಿಗ್ರಿ ದಾಟಿದೊಡನೆ ಅದು ಬಿಚ್ಚಿಕೊಂಡು ಪಕ್ಕದ ಕೇಸೀನಿಗೂ ಪಾತ್ರೆಯ ತಳಕ್ಕೂ ಅಂಟುತ್ತದೆ. ಹಾಲು ಕಾಯಿಸಿದ ಪಾತ್ರೆಯ ತಳದಲ್ಲಿ ಉಜ್ಜಿದರೂ ಬಿಡದ ಪೊರೆ ಉಳಿಯುವುದಕ್ಕೆ ಇದೇ ಮುಖ್ಯ ಕಾರಣ. ಪಾತ್ರೆಯಲ್ಲಿ ಸಾಕಷ್ಟು ನೀರಿನ ನಡುವೆ ಕೇಸೀನ್ ಸುಖವಾಗಿ ತೇಲುತ್ತಿರುತ್ತದೆ. ಬಟ್ಟೆಯ ಮೇಲೆ ಒಣಗಿದ ಹಾಲಿಗೆ ಆ ಅನುಕೂಲವಿಲ್ಲ. ಅಲ್ಲಿ ಪ್ರೋಟೀನ್, ಕೊಬ್ಬು, ಸಕ್ಕರೆ ಮೂರೂ ಒಂದೇ ತೆಳುಪೊರೆಯಾಗಿ ಎಳೆಗೆ ಹತ್ತಿಕೊಂಡಿರುತ್ತವೆ. ಅದರ ಮೇಲೆ ಇಸ್ತ್ರಿಪೆಟ್ಟಿಗೆ ಹಾದುಹೋದರೆ ಹಾಲಿನ ಸಕ್ಕರೆಯೂ ಪ್ರೋಟೀನೂ ಕೂಡಿ ಕಂದುಬಣ್ಣಕ್ಕೆ ತಿರುಗುತ್ತವೆ. ಹಾಲನ್ನು ಬತ್ತಿಸಿದಾಗ ಖೋವಾ ಕೆಂಪಾಗುವುದೂ ಇದೇ ಕ್ರಿಯೆಯಿಂದ. ತೊಳೆದಿಟ್ಟ ಬಿಳಿ ಬಟ್ಟೆಯಲ್ಲಿ ಇಸ್ತ್ರಿಯ ಬಳಿಕ ಎಲ್ಲಿಂದಲೋ ಹಳದಿ ಮಚ್ಚೆ ಮೂಡಿದರೆ ಅಲ್ಲಿ ಕಣ್ಣಿಗೆ ಕಾಣದ ಹಾಲಿನ ಪೊರೆ ಉಳಿದಿತ್ತೆಂದು ಸಂಶಯಪಡಬೇಕು.

ಈ ಜ್ಞಾನ ಸಭಿಕರಲ್ಲಿ ಹಲವರಿಗೆ ಹೊಸದಲ್ಲ. ಹಾಲು ಉತ್ಪಾದಕರ ಸಂಘಕ್ಕೆ ಹಾಲು ಹಾಕುವವರು ಕ್ಯಾನನ್ನು ತೊಳೆಯುವ ಕ್ರಮ ನೆನೆದರೆ ಸಾಕು: ಖಾಲಿಯಾದ ಕೂಡಲೇ ತಣ್ಣೀರಿನಲ್ಲಿ ಜಾಲಿಸುವುದು, ಹಾಲಿನ ಬಿಳುಪು ಹೋದ ಮೇಲೆ ಬಿಸಿನೀರು ಮತ್ತು ತೊಳೆಯುವ ಪುಡಿ, ಕೊನೆಗೆ ಮತ್ತೆ ಶುದ್ಧ ನೀರು, ಬಳಿಕ ಬೋರಲು ಹಾಕಿ ಒಣಗಿಸುವುದು. ಮೊದಲಿಗೇ ಬಿಸಿನೀರು ಸುರಿದ ಕ್ಯಾನಿನ ಒಳಮೈಗೆ ಬರಬರುತ್ತಾ ಬಿಳಿಯ ಒರಟು ಪೊರೆ ಕಟ್ಟುತ್ತದೆ, ಅದರಲ್ಲಿ ಹಾಲು ಹುಳಿಯಾಗುತ್ತದೆ. ಕ್ಯಾನಿಗೆ ಪಾಲಿಸುವ ಈ ಶಿಸ್ತನ್ನು ಹಾಲು ಸೋಸುವ ಬಟ್ಟೆಗೂ, ಮಗುವಿನ ಅಂಗಿಗೂ ಪಾಲಿಸುವುದಷ್ಟೇ ಉಳಿದಿರುವುದು.

ಒಂದು ಪ್ರಸಂಗವನ್ನು ಪೂರ್ತಿಯಾಗಿ ನೋಡೋಣ. ಆಷಾಢದ ಒಂದು ಮಧ್ಯಾಹ್ನ ಅಡಿಕೆ ತೋಟಕ್ಕೆ ಮದ್ದು ಬಿಡಿಸಲು ಹೋದ ಮನೆಯ ಯಜಮಾನರು ಹಿಂದಿರುಗುತ್ತಾರೆ. ಬಿಳಿಯ ಹತ್ತಿಯ ಪಂಚೆ, ಮೊಣಕಾಲಿನ ಕೆಳಗೆ ಅಂಗೈಯಗಲದ ರಕ್ತದ ಕಲೆ. ಉಂಬಳ ಕಚ್ಚಿ ರಕ್ತ ಕುಡಿದು ಬಿದ್ದುಹೋಗಿದೆ. ಉಂಬಳದ ಎಂಜಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತು ಇರುವುದರಿಂದ ಅದು ಬಿಟ್ಟ ಮೇಲೂ ಗಾಯ ಬಹಳ ಹೊತ್ತು ಜಿನುಗುತ್ತದೆ. ಹೀಗಾಗಿ ಗಾಯ ಸಾಸಿವೆಯಷ್ಟಿದ್ದರೂ ಕಲೆ ದೊಡ್ಡದಾಗುತ್ತದೆ, ಒದ್ದೆ ಬಟ್ಟೆಯಲ್ಲಿ ಅಗಲಕ್ಕೆ ಹರಡುತ್ತದೆ. ನಡುವಿನ ಭಾಗ ಇನ್ನೂ ಕೆಂಪಗಿದೆ, ಅಂಚು ಕಂದಾಗಿ ಒಣಗತೊಡಗಿದೆ. ಕಂದು ಬಣ್ಣ ಬಂದಿತೆಂದರೆ ಹಿಮೋಗ್ಲೋಬಿನ್‌ನ ಕಬ್ಬಿಣದ ಅಂಶ ಗಾಳಿಯೊಡನೆ ಕೂಡಿ ಬದಲಾಗಿದೆ ಎಂದರ್ಥ. ಅಲ್ಲಿಂದ ಮುಂದೆ ಪ್ರತಿ ಗಂಟೆಯೂ ಕಲೆಯ ಪರವಾಗಿಯೇ ಸಾಗುತ್ತದೆ.

ಮಾಡಬೇಕಾದ ಮೊದಲ ಕೆಲಸ ಪಂಚೆಯ ಕಲೆಯ ಭಾಗವನ್ನು ಮಗುಚಿ ಹಿಡಿದು, ಹಿಂಬದಿಯಿಂದ ತಣ್ಣೀರು ಬೀಳುವಂತೆ ಮಾಡುವುದು. ಎದುರಿನಿಂದ ನೀರು ಬಿಟ್ಟರೆ ಮೇಲಿರುವ ರಕ್ತವನ್ನು ಬಟ್ಟೆಯ ಆಚೆಬದಿಗೆ ತಳ್ಳಿದಂತಾಗುತ್ತದೆ. ಹಿಂದಿನಿಂದ ಬಿಟ್ಟರೆ ಅದು ಬಂದ ದಾರಿಯಲ್ಲೇ ಹೊರಬೀಳುತ್ತದೆ. ನಲ್ಲಿಯಿದ್ದರೆ ನಲ್ಲಿ, ಇಲ್ಲವಾದರೆ ಒಬ್ಬರು ಹಿಡಿದು ಇನ್ನೊಬ್ಬರು ಚೊಂಬಿನಿಂದ ಹೊಯ್ಯಬಹುದು. ಐದು ನಿಮಿಷ ಸಾಕು. ಈ ಹಂತದಲ್ಲಿ ಕಲ್ಲಿಗೆ ಬಡಿಯುವುದಾಗಲಿ ಬ್ರಷ್ಷಿನಿಂದ ಉಜ್ಜುವುದಾಗಲಿ ಕೂಡದು. ಉಜ್ಜಿದರೆ ರಕ್ತ ನೂಲಿನ ಒಳಕ್ಕೆ ಹೋಗುತ್ತದೆ, ಎಳೆ ಜುಂಗುಜುಂಗಾಗಿ ಎದ್ದು ಅಲ್ಲಿ ಮುಂದೆಯೂ ಕೊಳೆ ಬೇಗ ಕೂರುತ್ತದೆ.

ಬಳಿಕ ನಾಲ್ಕೈದು ಲೀಟರ್ ತಣ್ಣೀರಿನ ಬಕೆಟ್ಟಿನಲ್ಲಿ ಅರ್ಧ ಗಂಟೆ ಮುಳುಗಿಸಿಡಬೇಕು. ಬರಿಯ ನೀರೇ ಇಲ್ಲಿ ಔಷಧ. ರಕ್ತಕಣಗಳ ಒಳಗೆ ಉಪ್ಪಿನಂಶ ಇರುವುದರಿಂದ ಸಪ್ಪೆ ನೀರು ಅವುಗಳೊಳಕ್ಕೆ ನುಗ್ಗಿ ಕಣಗಳನ್ನು ಒಡೆಯುತ್ತದೆ. ಹಿಮೋಗ್ಲೋಬಿನ್ ಹೊರಬಿದ್ದು ನೀರಿನಲ್ಲಿ ಕರಗುತ್ತದೆ. ಉಪ್ಪು ಹಾಕುವ ರೂಢಿ ಅನೇಕ ಮನೆಗಳಲ್ಲಿದೆ. ಲೀಟರಿಗೆ ಒಂದು ಚಿಕ್ಕ ಚಮಚದಷ್ಟು ಹಾಕಿದರೆ ಹತ್ತಿಗೆ ಹಾನಿಯಿಲ್ಲ, ಆದರೆ ಕಲೆ ಬಿಡಿಸುವ ಕೀರ್ತಿಯನ್ನು ಉಪ್ಪಿಗೆ ಕೊಡುವುದು ತುಸು ಹೆಚ್ಚೇ ಆದೀತು. ಕೆಲಸ ಮಾಡಿದ್ದು ತಣ್ಣೀರು. ನೀರು ಚಹಾದ ಬಣ್ಣಕ್ಕೆ ತಿರುಗಿದಾಗ ಚೆಲ್ಲಿ ಹೊಸ ನೀರು ತುಂಬಬೇಕು. ಸಾಮಾನ್ಯವಾಗಿ ಮೂರನೆಯ ಸಲಕ್ಕೆ ನೀರು ತಿಳಿಯಾಗಿಯೇ ಉಳಿಯುತ್ತದೆ. ನೀರು ಬಣ್ಣ ಬಿಡುತ್ತಿರುವಷ್ಟು ಕಾಲ ಸೋಪು ಹಚ್ಚುವ ಅವಸರ ಬೇಡ.

ನೀರು ತಿಳಿಯಾದ ಮೇಲೆ ಬಟ್ಟೆ ಸೋಪನ್ನು ತಣ್ಣೀರಿನಲ್ಲಿಯೇ ಹಚ್ಚಿ, ಬಟ್ಟೆಯಿಂದ ಬಟ್ಟೆಯನ್ನೇ ಮೆತ್ತಗೆ ತಿಕ್ಕಿ, ಕಾಲು ಗಂಟೆ ಬಿಟ್ಟು ಜಾಲಿಸಬೇಕು. ಸೋಪಿನಲ್ಲಿರುವ ಸೌಮ್ಯ ಕ್ಷಾರ ಉಳಿದ ಪ್ರೋಟೀನನ್ನು ಉಬ್ಬಿಸಿ ಸಡಿಲಗೊಳಿಸುತ್ತದೆ. ಈಗ ಪರೀಕ್ಷೆಯ ಸಮಯ. ಒದ್ದೆ ಬಟ್ಟೆಯನ್ನು ಬೆಳಕಿಗೆ ಎದುರಾಗಿ ಹಿಡಿದು ನೋಡಬೇಕು. ಕಲೆಯಿದ್ದ ಭಾಗ ಉಳಿದ ಬಟ್ಟೆಗಿಂತ ಮಬ್ಬಾಗಿ ಕಂಡರೆ, ಅಥವಾ ಬೆರಳಿನ ನಡುವೆ ತುಸು ಗಡುಸಾಗಿ ತೋರಿದರೆ ಪ್ರೋಟೀನ್ ಇನ್ನೂ ಇದೆ, ಮತ್ತೆ ನೆನೆಯಿಡಬೇಕು. ಗಡುಸಿಲ್ಲ, ಮಬ್ಬಿಲ್ಲ, ಕೇವಲ ತೆಳು ಹಳದಿ ಉಂಗುರ ಉಳಿದಿದೆ ಎಂದಾದರೆ ಅದು ಬಣ್ಣದ ಪ್ರಶ್ನೆ, ಅದಕ್ಕೆ ಬೇರೆ ಉಪಾಯ.

ಆ ಉಪಾಯ ಔಷಧದಂಗಡಿಯಲ್ಲಿ ದೊರೆಯುವ ಹೈಡ್ರೋಜನ್ ಪೆರಾಕ್ಸೈಡ್. ‘20 ವಾಲ್ಯೂಮ್’ ಎಂದು ಬರೆದಿರುವುದು ಶೇಕಡಾ 6ರ ದ್ರಾವಣ. ಅದಕ್ಕೆ ಸಮಪಾಲು ನೀರು ಬೆರೆಸಿದರೆ ಬೇಕಾದ ಶೇಕಡಾ 3ರದು ಆಗುತ್ತದೆ. ಉಂಗುರದ ಮೇಲೆ ಕೆಲವು ಹನಿ ಬಿಟ್ಟು ಐದರಿಂದ ಹತ್ತು ನಿಮಿಷದೊಳಗೆ ಚೆನ್ನಾಗಿ ಜಾಲಿಸಬೇಕು. ಹಸಿ ರಕ್ತದ ಮೇಲೆ ಇದನ್ನು ಹಾಕಿದರೆ ಬುರುಬುರು ನೊರೆ ಬರುತ್ತದೆ. ನೋಡಲು ಪರಿಣಾಮಕಾರಿ ಎನಿಸಿದರೂ ಆ ನೊರೆ ಬಹುಪಾಲು ವ್ಯರ್ಥವೇ, ರಕ್ತದಲ್ಲಿರುವ ಕಿಣ್ವವೊಂದು ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತಿರುವುದರ ಗುರುತು. ಜೊತೆಗೆ ರಕ್ತದ ಕಬ್ಬಿಣದ ಸಂಗದಲ್ಲಿ ಪೆರಾಕ್ಸೈಡ್ ಬಹಳ ಹೊತ್ತು ಉಳಿದರೆ ಹತ್ತಿಯ ಎಳೆಯನ್ನೇ ತಿನ್ನತೊಡಗುತ್ತದೆ. ಆದ್ದರಿಂದ ಅದು ಕೊನೆಯ ಹೆಜ್ಜೆಯೇ ಆಗಬೇಕು. ಬಣ್ಣದ ಬಟ್ಟೆಯಾದರೆ ಮೊದಲು ಮಡಿಕೆಯ ಒಳಭಾಗದಲ್ಲಿ ಒಂದು ಹನಿ ಹಾಕಿ ಬಣ್ಣ ಬಿಡುವುದೇ ಎಂದು ನೋಡಬೇಕು.

ಇದೇ ಪಂಚೆಗೆ ಹಂಡೆಯ ನೀರು ಸುರಿದಿದ್ದರೆ? ಕೆಂಪು ಕ್ಷಣದಲ್ಲಿ ಕಂದಾಗುತ್ತಿತ್ತು. ನೀರಿಗೆ ಬಣ್ಣ ಬಿಡುವುದು ನಿಂತುಹೋಗುತ್ತಿತ್ತು. ನೋಡುವವರಿಗೆ ‘ರಕ್ತ ಹೋಯಿತು, ಕಲೆ ಮಾತ್ರ ಉಳಿಯಿತು’ ಎನಿಸುತ್ತಿತ್ತು. ವಾಸ್ತವದಲ್ಲಿ ರಕ್ತವೇ ಒಳಗೆ ಬೆಂದು ಕೂತಿರುತ್ತದೆ. ಹೀಗೆ ಕೆಟ್ಟುಹೋದ ಹತ್ತಿಯ ಬಟ್ಟೆಗೆ ಉಳಿದಿರುವ ದಾರಿ ಕಿಣ್ವವಿರುವ ಬಟ್ಟೆಪುಡಿ. ಪ್ರೋಟೀನನ್ನು ತುಂಡರಿಸುವ ಕಿಣ್ವವನ್ನು ಬಟ್ಟೆ ತೊಳೆಯಲು ಬಳಸುವ ವಿಧಾನಕ್ಕೆ ಜರ್ಮನಿಯ ರಸಾಯನತಜ್ಞ ಓಟೊ ರೋಮ್ 1913ರಲ್ಲಿ ಪೇಟೆಂಟ್ ಪಡೆದನು. ಅವನು ಬಳಸಿದ್ದು ಪ್ರಾಣಿಗಳ ಮೇದೋಜ್ಜೀರಕ ಗ್ರಂಥಿಯಿಂದ ತೆಗೆದ ಕಿಣ್ವ. ಈಗಿನ ಪುಡಿಗಳಲ್ಲಿರುವುದು ಸೂಕ್ಷ್ಮಾಣುಗಳಿಂದ ತಯಾರಾದದ್ದು. ಪೊಟ್ಟಣದ ಹಿಂಬದಿಯ ಘಟಕಗಳ ಪಟ್ಟಿಯಲ್ಲಿ ಕಿಣ್ವದ ಹೆಸರಿದೆಯೇ ಎಂದು ನೋಡಿಕೊಳ್ಳಬೇಕು. ಎಲ್ಲ ಪುಡಿಗಳಲ್ಲಿ ಅದು ಇರುವುದಿಲ್ಲ. ಉಗುರುಬೆಚ್ಚಗಿನ, ಸುಮಾರು 35ರಿಂದ 40 ಡಿಗ್ರಿ ನೀರಿನಲ್ಲಿ ಪುಡಿ ಕರಗಿಸಿ ಎರಡು ಗಂಟೆಯಿಂದ ಒಂದು ರಾತ್ರಿಯವರೆಗೆ ನೆನೆಯಿಟ್ಟರೆ ಕಿಣ್ವ ಬೆಂದ ಪ್ರೋಟೀನನ್ನು ನಿಧಾನವಾಗಿ ಕತ್ತರಿಸುತ್ತದೆ. ಬಿಚ್ಚಿಕೊಂಡ ಸರಪಳಿಯನ್ನು ಕತ್ತರಿಸುವುದು ಅದಕ್ಕೆ ಸುಲಭವೇ. ಕಷ್ಟವಿರುವುದು ನೂಲಿನ ಒಳಸಂದಿಗೆ ತಲುಪುವುದರಲ್ಲಿ. ಕುದಿನೀರಿನಲ್ಲಿ ಪುಡಿ ಕಲಸಿದರೆ ಕಿಣ್ವವೇ ಬೆಂದು ನಿಷ್ಪ್ರಯೋಜಕವಾಗುತ್ತದೆ, ಏಕೆಂದರೆ ಕಿಣ್ವವೂ ಒಂದು ಪ್ರೋಟೀನೇ. ಇಷ್ಟಾದರೂ ಕಲೆ ಪೂರ್ತಿ ಹೋಗುವ ಭರವಸೆಯಿಲ್ಲ. ಒಂದೆರಡು ಬಾರಿ ಇಸ್ತ್ರಿಯೂ ಆಗಿದ್ದರೆ ತಿಳಿಯಾಗಬಹುದು, ಅಳಿಯದು.

ಮುಟ್ಟಿನ ಬಟ್ಟೆಯ ವಿಷಯವನ್ನು ಇಲ್ಲಿ ಬಿಡುವಂತಿಲ್ಲ, ಏಕೆಂದರೆ ಈ ತಪ್ಪು ಅತಿ ಹೆಚ್ಚು ನಡೆಯುವುದು ಅಲ್ಲಿ, ಅದರ ಬೆಲೆ ತೆರುವುದು ಬಟ್ಟೆ ಮಾತ್ರವಲ್ಲ. ಮರುಬಳಕೆಯ ಬಟ್ಟೆ ಬಳಸುವ ಹೆಂಗಸರು ಬಚ್ಚಲಿನಲ್ಲಿ ಬೇಗಬೇಗನೆ, ಯಾರ ಕಣ್ಣಿಗೂ ಬೀಳದಂತೆ, ಹಂಡೆಯ ಬಿಸಿನೀರಿನಲ್ಲಿಯೇ ಅದನ್ನು ತೊಳೆಯುತ್ತಾರೆ. ಬಿಸಿನೀರು ರೋಗಾಣುಗಳನ್ನು ಕೊಲ್ಲುತ್ತದೆ ಎಂಬ ತಿಳಿವಳಿಕೆ ಇದರ ಹಿಂದಿದೆ. ತಿಳಿವಳಿಕೆ ತಪ್ಪಲ್ಲ, ಸರದಿ ಹಿಂದುಮುಂದಾಗಿದೆ. ಮೊದಲೇ ಬಿಸಿ ತಾಗಿದ ಬಟ್ಟೆಯ ಎಳೆಗಳ ನಡುವೆ ಬೆಂದ ಪ್ರೋಟೀನ್ ತುಂಬಿಕೊಂಡು ಬಟ್ಟೆ ಸೆಟೆದುಕೊಳ್ಳುತ್ತದೆ, ಹೀರುವ ಶಕ್ತಿ ಕುಂದುತ್ತದೆ, ತೊಡೆಯ ಚರ್ಮ ಕೆರೆದು ಹುಣ್ಣಾಗುತ್ತದೆ. ಒಳಗುಳಿದ ಪ್ರೋಟೀನ್ ಮುಂದಿನ ತೇವ ಸಿಕ್ಕಾಗ ಸೂಕ್ಷ್ಮಾಣುಗಳಿಗೆ ಆಹಾರ. ತೊಳೆದ ಬಟ್ಟೆಯಿಂದಲೂ ಬರುವ ವಾಸನೆ ಅದರದ್ದೇ. ಬ್ಲೀಚಿಂಗ್ ಪುಡಿ ಹಾಕಿದರೂ ಸಾಲದು, ಅದರ ಕ್ಲೋರಿನ್ ಶಕ್ತಿ ರೋಗಾಣುವನ್ನು ತಲುಪುವ ಮೊದಲೇ ಉಳಿದ ಪ್ರೋಟೀನಿನೊಡನೆ ವ್ಯಯವಾಗಿಬಿಡುತ್ತದೆ.

ಸರಿಯಾದ ಸರದಿ ಪಂಚೆಯದ್ದೇ: ತೆಗೆದ ಕೂಡಲೇ ತಣ್ಣೀರಿನಲ್ಲಿ ಮುಳುಗಿಸಿಡುವುದು, ನೀರು ತಿಳಿಯಾಗುವವರೆಗೆ ಬದಲಾಯಿಸುವುದು, ತಣ್ಣೀರಿನಲ್ಲಿ ಸೋಪು. ಅಷ್ಟಾದ ಮೇಲೆ ಕುದಿನೀರು ಖಂಡಿತ ಬಳಸಬಹುದು, ಬಳಸುವುದು ಒಳ್ಳೆಯದು. ಈಗ ಬೇಯಲು ರಕ್ತ ಉಳಿದಿಲ್ಲ. ಹಾಗೆಯೇ ನೆನೆಯಿಟ್ಟ ಬಟ್ಟೆಯನ್ನು ಮರುದಿನಕ್ಕೆ ಮರೆತುಬಿಡಬಾರದು. ಕರಾವಳಿಯ ಸೆಕೆಯಲ್ಲಿ ರಾತ್ರಿಯಿಡೀ ನಿಂತ ರಕ್ತದ ನೀರು ಕೊಳೆಯಲು ತಡವಾಗದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲು ನೆಚ್ಚುವಂತಿಲ್ಲ; ಬಚ್ಚಲಿನ ಒಲೆಯ ಮೇಲಿನ ಹಗ್ಗ ಹೊಗೆಯಿಂದ ಮಸಿ ಹಿಡಿಸುತ್ತದೆ. ಗಾಳಿಯಾಡುವ ಜಗಲಿಯಲ್ಲಿ ಒಣಗಿಸಿ, ಕೊನೆಯ ತೇವವನ್ನು ಇಸ್ತ್ರಿಯಿಂದ ತೆಗೆಯಬಹುದು. ಅಂಗಳದ ತಂತಿಯಲ್ಲಿ ಇದನ್ನು ಒಣಹಾಕಲು ನಾಚಿಕೆ ಏಕೆ ಎಂಬ ಪ್ರಶ್ನೆಯನ್ನು ಮನೆಯ ಗಂಡಸರ ಮುಂದೆಯೂ ಇಡಬೇಕಾದ ಕಾಲ ಬಂದಿದೆ. ಪರರ ರಕ್ತ ತಾಗಿದ ಬಟ್ಟೆಯಾದರೆ, ಉದಾಹರಣೆಗೆ ಗಾಯಾಳುವಿನ ಅಥವಾ ಬಾಣಂತಿಯ ಬಟ್ಟೆ, ಕೈಗವಸು ಹಾಕಿಕೊಂಡೇ ಮುಟ್ಟಬೇಕು. ಅಲ್ಲಿ ಆರೋಗ್ಯ ಕಾರ್ಯಕರ್ತೆಯರು ಹೇಳುವ ಕ್ರಮವೇ ಮೊದಲು, ಕಲೆಯ ಚಿಂತೆ ಆಮೇಲೆ.

ಇಲ್ಲಿಯವರೆಗಿನ ಮಾತು ಹತ್ತಿಗೆ. ರೇಷ್ಮೆ ಎಂದೊಡನೆ ಅರ್ಧಕ್ಕರ್ಧ ನಿಯಮ ಬದಲಾಗುತ್ತದೆ. ಹತ್ತಿ ಗಿಡದಿಂದ ಬಂದದ್ದು, ಅದರ ಎಳೆ ಸೆಲ್ಯುಲೋಸ್. ಕ್ಷಾರಕ್ಕೂ ಕುದಿಗೂ ಅಂಜುವುದಿಲ್ಲ. ಕರಾವಳಿಯ ಕೈಮಗ್ಗದ ಉಡುಪಿ ಸೀರೆಯೂ ಹತ್ತಿಯದೇ ಆದುದರಿಂದ ಪಂಚೆಗೆ ಹೇಳಿದ ಕ್ರಮ ಅದಕ್ಕೂ ಸಲ್ಲುತ್ತದೆ, ಬಣ್ಣದ ಪರೀಕ್ಷೆಯೊಂದನ್ನು ಮಾಡಿಕೊಂಡರೆ ಸಾಕು. ರೇಷ್ಮೆಯಾದರೋ ಹುಳು ನೂತ ಎಳೆ. ಅದು ಸ್ವತಃ ಪ್ರೋಟೀನ್. ಉಣ್ಣೆಯೂ ಹಾಗೆಯೇ. ಕಲೆಯೂ ಪ್ರೋಟೀನ್, ಬಟ್ಟೆಯೂ ಪ್ರೋಟೀನ್ ಆದಾಗ ಕಲೆಯನ್ನು ತಿನ್ನುವ ಮದ್ದು ಬಟ್ಟೆಯನ್ನೂ ತಿನ್ನುತ್ತದೆ. ಕಿಣ್ವದ ಪುಡಿ, ವಾಷಿಂಗ್ ಸೋಡಾ, ಬ್ಲೀಚಿಂಗ್ ಪುಡಿ ಮೂರೂ ರೇಷ್ಮೆಗೆ ನಿಷಿದ್ಧ. ಬ್ಲೀಚಿಂಗ್ ಪುಡಿಯ ನೀರು ರೇಷ್ಮೆಯನ್ನು ಹಳದಿಯಾಗಿಸಿ ಕೊನೆಗೆ ಕರಗಿಸಿಯೇ ಬಿಡುತ್ತದೆ.

ಶಂಕರನಾರಾಯಣದಂತಹ ಕ್ಷೇತ್ರದ ಊರಿನಲ್ಲಿ ಪೂಜೆಗೆ ಉಡುವ ಪಟ್ಟೆಮಡಿಗೆ ಅಭಿಷೇಕದ ಹಾಲು ಸಿಡಿಯುವುದು ದಿನದ ಮಾತು. ಪಂಚಾಮೃತವಾದರೆ ಹಾಲಿನ ಜೊತೆಗೆ ಮೊಸರು, ತುಪ್ಪ, ಜೇನು, ಸಕ್ಕರೆಯೂ ಸೇರಿರುತ್ತದೆ. ಇಲ್ಲಿ ತಪ್ಪು ಬೇರೆ ರೂಪದಲ್ಲಿ ಬರುತ್ತದೆ. ಜಿಡ್ಡು ಹೋಗಲೆಂದು ಬಿಸಿನೀರು ಬಳಸುವವರು ಕೆಲವರು. ಕಲೆ ಬಿಡಲೆಂದು ಲಿಂಬೆಯನ್ನೋ ಹುಣಿಸೆಯನ್ನೋ ಹಚ್ಚುವವರು ಮತ್ತೆ ಕೆಲವರು. ಹುಳಿ ಬಿದ್ದರೆ ಹಾಲು ಒಡೆಯುತ್ತದೆ ಎಂಬುದು ಅಡುಗೆಮನೆಯ ಪ್ರಥಮ ಪಾಠ. ಕುದಿಯನ್ನು ತಾಳುವ ಕೇಸೀನ್ ಹುಳಿಯನ್ನು ತಾಳದು. ಬಟ್ಟೆಯ ಮೇಲೆಯೂ ಅದು ಒಡೆದು ಗಿಣ್ಣದಂತೆ ಗಟ್ಟಿಯಾಗಿ ಎಳೆಯ ನಡುವೆ ಕೂರುತ್ತದೆ. ಹುಳಿಯ ಉಪಯೋಗ ಬೇರೆ ಕಲೆಗಳಿಗೆ ಇರಬಹುದು, ಹಾಲಿಗಂತೂ ಅದು ಶತ್ರು.

ಪಟ್ಟೆಗೆ ಹಾಲು ಬಿದ್ದಾಗ ಮೊದಲು ಒಣ ಹತ್ತಿಬಟ್ಟೆಯನ್ನು ಒತ್ತಿ ದ್ರವವನ್ನು ಹೀರಿಸಬೇಕು, ಒರೆಸಬಾರದು. ಪಟ್ಟೆಯ ಬಣ್ಣ ನೀರಿಗೆ ಗಟ್ಟಿಯೇ ಎಂದು ಮಡಿಕೆಯೊಳಗೆ ಒದ್ದೆ ಬಿಳಿಬಟ್ಟೆ ಒತ್ತಿ ನೋಡಿಕೊಳ್ಳಬೇಕು. ಬಣ್ಣ ಬಿಡದಿದ್ದರೆ ತಣ್ಣೀರನ್ನು ಹಿಂಬದಿಯಿಂದ ಸಣ್ಣ ಧಾರೆಯಾಗಿ ಬಿಟ್ಟು ಪ್ರೋಟೀನ್ ಮತ್ತು ಸಕ್ಕರೆಯನ್ನು ಕಳೆಯಬೇಕು. ಇವೆರಡಕ್ಕೂ ತಣ್ಣೀರು ಸಾಕು. ಹಾಲಿನ ಮತ್ತು ತುಪ್ಪದ ಕೊಬ್ಬು ಮಾತ್ರ ತಣ್ಣೀರಿಗೆ ಜಗ್ಗದು. ಅದಕ್ಕೆ ಎರಡನೆಯ ಸುತ್ತಿನಲ್ಲಿ, ಪ್ರೋಟೀನ್ ಹೋದ ಬಳಿಕ, ಮೈಶಾಖಕ್ಕೆ ಮೀರದ ಉಗುರುಬೆಚ್ಚಗಿನ ನೀರು ಮತ್ತು ಮೃದುವಾದ ಶಾಂಪೂ ಅಥವಾ ರೇಷ್ಮೆ ತೊಳೆಯುವ ದ್ರವ, ಅರ್ಧ ಬಕೆಟ್ ನೀರಿಗೆ ಒಂದು ಚಿಕ್ಕ ಚಮಚ. ಎರಡು ಮೂರು ನಿಮಿಷ ಅದ್ದಿ ಎತ್ತುವುದು, ಹಿಂಡದೆ ಟವೆಲಿನಲ್ಲಿ ಸುತ್ತಿ ನೀರು ತೆಗೆಯುವುದು, ನೆರಳಿನಲ್ಲಿ ಒಣಗಿಸುವುದು. ಒದ್ದೆಯಾದ ರೇಷ್ಮೆಯ ಬಲ ಒಣ ರೇಷ್ಮೆಗಿಂತ ಕಡಿಮೆ; ಹಿಂಡಿದಾಗ, ತಿಕ್ಕಿದಾಗ ಅದರ ಹೊಳಪು ಹೋಗಿ ಬಿಳಿಚಿದ ಗೆರೆಗಳು ಮೂಡುತ್ತವೆ. ಅವು ಕಲೆಗಿಂತ ಕುರೂಪ, ಹಾಗೂ ಅವಕ್ಕೆ ಪರಿಹಾರವಿಲ್ಲ.

ಜರಿಯ ಅಂಚಿಗೆ ಉಪ್ಪುನೀರು, ಪೆರಾಕ್ಸೈಡ್ ಎರಡೂ ತಾಗಬಾರದು. ಬೆಳ್ಳಿ, ತಾಮ್ರದ ಜರಿ ಕಪ್ಪಾಗುತ್ತದೆ. ಅಜ್ಜಿಯ ಕಾಲದ ಪಟ್ಟೆಯಲ್ಲಿ ಹಳೆಯ ಹಾಲಿನ ಹಳದಿ ಮಚ್ಚೆಯಿದ್ದರೆ ತಣ್ಣೀರಿನ ಒಂದು ಪ್ರಯತ್ನದಾಚೆ ಹೋಗದಿರುವುದೇ ಲೇಸು. ಮಚ್ಚೆಯಿರುವ ಸೀರೆಯನ್ನು ಉಡಬಹುದು, ತೂತಾದದ್ದನ್ನು ಉಡಲಾಗದು.

ಬೆಲೆಬಾಳುವ ಸೀರೆಯನ್ನು ಕುಂದಾಪುರಕ್ಕೋ ಉಡುಪಿಗೋ ಡ್ರೈ ಕ್ಲೀನಿಂಗಿಗೆ ಕೊಡುವವರು ಒಂದು ಮಾತು ತಿಳಿದಿರಬೇಕು. ಅಲ್ಲಿ ಬಳಸುವ ದ್ರವ ನೀರಲ್ಲ. ಅದು ಎಣ್ಣೆ ಜಿಡ್ಡನ್ನು ಚೆನ್ನಾಗಿ ಕರಗಿಸುತ್ತದೆ, ಪ್ರೋಟೀನನ್ನು ಕರಗಿಸುವುದಿಲ್ಲ. ಆಮೇಲೆ ಬಿಸಿಗಾಳಿ ಮತ್ತು ಆವಿಯ ಇಸ್ತ್ರಿ ಇರುತ್ತದೆ. ಹಾಲಿನ ಪೊರೆ ಹಾಗೆಯೇ ಉಳಿದು ಆ ಶಾಖಕ್ಕೆ ಕಚ್ಚಿಕೊಂಡರೆ, ಕೊಡುವಾಗ ಕಾಣದಿದ್ದ ಕಲೆ ಹಿಂದಿರುಗಿ ಬರುವಾಗ ಕಾಣುತ್ತದೆ. ಹಾಗಾಗಿ ಸೀರೆಯನ್ನು ಮಡಚಿ ಸುಮ್ಮನೆ ಕೊಟ್ಟುಬರಬಾರದು. ಕಲೆಯ ಜಾಗಕ್ಕೆ ದಾರದ ಸಡಿಲ ಹೊಲಿಗೆಯೊಂದನ್ನು ಹಾಕಿ ಗುರುತು ಮಾಡಿ, ‘ಇದು ಹಾಲು’, ‘ಇದು ರಕ್ತ’, ‘ಬಿದ್ದು ಇಷ್ಟು ದಿನವಾಯಿತು’, ‘ಮನೆಯಲ್ಲಿ ಇಂಥದು ಹಚ್ಚಿದ್ದೇವೆ’ ಎಂದು ಸ್ಪಷ್ಟವಾಗಿ ಹೇಳಿ ಚೀಟಿಯಲ್ಲಿ ಬರೆಸಬೇಕು. ಆಗ ಅವರು ಯಂತ್ರಕ್ಕೆ ಹಾಕುವ ಮೊದಲು ಆ ಭಾಗವನ್ನು ಬೇರೆಯಾಗಿ ನೀರಿನಿಂದ ಬಿಡಿಸಿಕೊಳ್ಳುತ್ತಾರೆ.